ಮದರಾಸಿನ ದಿವಾಳಿ, ಭದ್ರಾವತಿಯ ಮರ

ಈಚೆಗೆ ವಕೀಲರ ಸಂಘದವರು ನನ್ನನ್ನು ಒಂದು ಉಪನ್ಯಾಸಕ್ಕೆ ಕರೆದಿದ್ದರು. ಎಂಬತ್ತು ದಾಟಿದವರನ್ನು ಕರೆಯುವುದು ಮುಂದಿನ ಸಾಲಿನಲ್ಲಿ ಕೂರಿಸುವುದಕ್ಕೇ ಹೊರತು ಬೇರೇನಕ್ಕೂ ಅಲ್ಲ ಎಂದು ಗೊತ್ತಿದ್ದೂ ಹೋದೆ. ಅಲ್ಲಿ ಕೊಡುವ ಕಾಫಿ ಚೆನ್ನಾಗಿರುತ್ತದೆ. ಬೆಂಗಳೂರಿನಿಂದ ಬಂದಿದ್ದ ತರುಣ ವಕೀಲರೊಬ್ಬರು, ಒಂದು ದೇಶದಲ್ಲಿ ದಿವಾಳಿಯಾದವನ ಆಸ್ತಿ ಇನ್ನೊಂದು ದೇಶದಲ್ಲಿದ್ದರೆ ಏನು ಮಾಡಬೇಕು ಎಂಬುದರ ಮೇಲೆ ಮಾತಾಡಿದರು. ಲೋಕದ ದೇಶಗಳೆಲ್ಲ ಕೂತು ತೊಂಬತ್ತೇಳರಲ್ಲಿ ಒಂದು ಮಾದರಿ ಕಾನೂನು ಬರೆದಿವೆಯಂತೆ. ನಮ್ಮ ದೇಶ ಅದನ್ನಿನ್ನೂ ಒಪ್ಪಿಕೊಂಡಿಲ್ಲವಂತೆ. ಅದರ ಪ್ರಕಾರ ಮೊದಲು ನೋಡಬೇಕಾದದ್ದು, ಸಾಲಗಾರನ ‘ಸೆಂಟರ್ ಆಫ್ ಮೇನ್ ಇಂಟರೆಸ್ಟ್ಸ್’ ಎಲ್ಲಿದೆ ಎಂದು. ಅಂದರೆ ಅವನ ವ್ಯವಹಾರದ ಮುಖ್ಯ ಠಾವು. ಆ ಠಾವು ಇರುವ ದೇಶದ ಕೋರ್ಟಿನಲ್ಲಿ ನಡೆಯುವುದು ಮುಖ್ಯ ಪ್ರಕರಣ. ಅದನ್ನು ಇನ್ನೊಂದು ದೇಶದ ಕೋರ್ಟು ಮಾನ್ಯ ಮಾಡಿದ ಕೂಡಲೇ ಅಲ್ಲಿಯ ಜಪ್ತಿ, ಹರಾಜುಗಳೆಲ್ಲ ತಾವಾಗಿಯೇ ನಿಲ್ಲುತ್ತವೆ. ಬರಿಯ ಕವಲು ಅಂಗಡಿ ಇರುವ ಕಡೆ ನಡೆಯುವುದಕ್ಕೆ ಅಷ್ಟು ಬಲವಿಲ್ಲ.

ತರುಣರು ಇದನ್ನು ಹೊಸ ಹಣ್ಣಿನ ಹಾಗೆ ಕೈಯಲ್ಲಿ ತಿರುಗಿಸಿ ತಿರುಗಿಸಿ ತೋರಿಸಿದರು. ಪಕ್ಕದಲ್ಲಿದ್ದವರು, “ಹಿರಿಯರು ಒಂದೆರಡು ಮಾತಾಡಿ” ಎಂದರು. ನನಗೆ ಸಿಟ್ಟು ಬೇಗ ಬರುತ್ತದೆ, ಎಲ್ಲರಿಗೂ ಗೊತ್ತು. “ಇದನ್ನು ನಮ್ಮ ಭದ್ರಾವತಿಯಲ್ಲಿ ಎಂದೋ ಮಾಡಿ ಮುಗಿಸಿದೀವಿ” ಎಂದುಬಿಟ್ಟೆ. ಎಲ್ಲರೂ ನಕ್ಕರು. ನಗಲಿ. ನಾನು ನಗಿಸುವುದಕ್ಕೆ ಹೇಳಿದ್ದಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನಾನು ವಕೀಲಿ ಹಿಡಿದದ್ದು ಎರಡನೇ ಮಹಾಯುದ್ಧಕ್ಕೆ ಇನ್ನೂ ಮುಂಚೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮ ಸೀನಿಯರ್ ವಕೀಲರ ಮನೆ. ಮುಂದಿನ ಪಡಸಾಲೆಯೇ ಆಫೀಸು. ಅವರು ಕುಳ್ಳಗಿದ್ದರು, ಎಲೆಯಡಿಕೆ ಬಾಯಿಂದ ಇಳಿಯುತ್ತಿರಲಿಲ್ಲ. ಕೋರ್ಟಿನಲ್ಲಿ ಒಮ್ಮೆಯೂ ದನಿ ಏರಿಸಿದ್ದು ನಾನು ಕೇಳಿಲ್ಲ. ಅವರದೊಂದು ಪದ್ಧತಿ ಇತ್ತು. ಕೇಸು ಯಾವುದೇ ಇರಲಿ, ವಕಾಲತ್ತಿಗೆ ಸಹಿ ಹಾಕುವ ಮೊದಲು ಜಗಳದ ವಸ್ತು ಇರುವ ಜಾಗಕ್ಕೆ ಹೋಗಿ ಕಣ್ಣಾರೆ ನೋಡಿ ಬರಬೇಕು. ಗದ್ದೆಯ ಬದುವಾದರೆ ಬದುವಿನ ಮೇಲೆ ನಡೆಯುವರು, ಗೋಡೆಯಾದರೆ ಮುಟ್ಟಿ ನೋಡುವರು. ಉಳಿದ ವಕೀಲರು ಇದಕ್ಕೆ ಅವರನ್ನು ಮೇಸ್ತ್ರಿ ಎಂದು ಹಾಸ್ಯ ಮಾಡುತ್ತಿದ್ದರು.

ಆಗ ನಮ್ಮದು ಮೈಸೂರು ಸಂಸ್ಥಾನ, ಮದರಾಸು ಬ್ರಿಟಿಷರದು. ರೈಲಿನಲ್ಲಿ ನಿದ್ದೆ ಮಾಡುತ್ತ ಹೋದರೆ ಗಡಿ ದಾಟಿದ್ದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಆದರೆ ಕೋರ್ಟಿನ ಕಣ್ಣಿಗೆ ಮದರಾಸು ಪರದೇಶ. ಅಲ್ಲಿಯ ಆಜ್ಞೆ ನಮ್ಮ ಜಡ್ಜಿ ಒಪ್ಪಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಿಂದ ಸ್ವಲ್ಪ ದೂರದಲ್ಲಿ ಒಂದು ಸಾಮಿಲ್ ಇತ್ತು. ಅದರ ಯಜಮಾನ ಮದರಾಸಿನ ವ್ಯಾಪಾರಿ. ನಮ್ಮ ಕಾಡಿನ ತೇಗ, ಮತ್ತಿ, ಬೀಟೆ ಕೊಂಡು, ಕೊಯ್ಯಿಸಿ, ಮದರಾಸಿನ ಬಂದರಿಗೆ ಕಳಿಸುತ್ತಿದ್ದ. ಹೆಂಡತಿ ಮಕ್ಕಳು ಮದರಾಸಿನಲ್ಲಿ, ಬ್ಯಾಂಕೂ ಅಲ್ಲೇ. ಅವನು ಮಾತ್ರ ವರ್ಷದ ಬಹುಪಾಲು ಭದ್ರಾವತಿಯ ಸಾಮಿಲ್ಲಿನ ಹಿಂದಿನ ಎರಡು ಕೋಣೆಯಲ್ಲೇ ಇರುತ್ತಿದ್ದ. ಕೆಟ್ಟವನಲ್ಲ. ದೊಡ್ಡದೊಂದು ಸರಕು ಕೊಂಡವರು ಕೈಯೆತ್ತಿದರು, ಇವನೂ ಮುಳುಗಿದ. ಒಂದು ದಿನ ಸದ್ದಿಲ್ಲದೆ ರೈಲು ಹತ್ತಿ ಮದರಾಸಿಗೆ ಹೋಗಿ, ಅಲ್ಲಿಯ ಹೈಕೋರ್ಟಿನಲ್ಲಿ ದಿವಾಳಿಯೆದ್ದೆನೆಂದು ತಾನಾಗಿಯೇ ಪಾಪರ್ ಅರ್ಜಿ ಹಾಕಿಕೊಂಡ. ಕೋರ್ಟು ಅವನನ್ನು ದಿವಾಳಿ ಎಂದು ಸಾರಿ, ಅವನ ಆಸ್ತಿಯನ್ನೆಲ್ಲ ಅಫಿಷಿಯಲ್ ಅಸೈನಿ ಎಂಬ ಅಧಿಕಾರಿಯ ವಶಕ್ಕೆ ಕೊಟ್ಟಿತು. ಆ ಅಧಿಕಾರಿಯ ಕೆಲಸ ಇದ್ದದ್ದನ್ನು ಮಾರಿ ಸಾಲ ಕೊಟ್ಟವರಿಗೆಲ್ಲ ಹಂಚುವುದು.

ಆದರೆ ಇದ್ದದ್ದೆಲ್ಲ ಇದ್ದದ್ದು ಭದ್ರಾವತಿಯಲ್ಲಿ. ರಾಶಿ ರಾಶಿ ದಿಮ್ಮಿ, ಯಂತ್ರ, ಸಾಮಿಲ್ಲಿನ ಜಾಗ. ಮದರಾಸಿನ ಆಜ್ಞೆ ಹೊರಡುವ ಮೊದಲೇ ಶಿವಮೊಗ್ಗದ ಪೇಟೆಯ ಸಾಹುಕಾರರೊಬ್ಬರು ಅದನ್ನೆಲ್ಲ ಜಪ್ತಿ ಮಾಡಿಸಿಬಿಟ್ಟಿದ್ದರು. ಈಗ ಗಾಂಧಿ ಬಜಾರ್ ಎನ್ನುತ್ತೇವಲ್ಲ, ಅಲ್ಲಿ ಅವರ ಬಟ್ಟೆಯಂಗಡಿ, ಜೊತೆಗೆ ಬಡ್ಡಿ ವ್ಯಾಪಾರ. ಸಾಲ ವಸೂಲಿಗೆ ಕೋರ್ಟು ಕೊಟ್ಟ ಡಿಕ್ರಿ ಅವರ ಬಳಿ ಇತ್ತು. ಹರಾಜಿಗೆ ದಿನವೂ ನಿಶ್ಚಯವಾಗಿತ್ತು. ಹರಾಜು ನಡೆದರೆ ಬಂದ ಹಣವೆಲ್ಲ ಅವರ ಸಾಲಕ್ಕೇ ಸರಿಹೋಗುತ್ತಿತ್ತು.

ಉಳಿದವರು? ಕಾಡಿನಿಂದ ಸಾಮಿಲ್ಲಿಗೆ ಮರ ಹೊತ್ತು ತಂದ ಗಾಡಿಗಳ ಒಡೆಯರು. ಅವರಲ್ಲಿ ಹೆಚ್ಚು ಗಾಡಿ ಇದ್ದದ್ದು ಭದ್ರಾವತಿ ದಾರಿಯ ಮಲವಗೊಪ್ಪದ ಒಬ್ಬ ಹೆಂಗಸಿನದು. ಗಂಡ ತೀರಿಕೊಂಡ ಮೇಲೆ ಗಾಡಿಗಳನ್ನು ಮಾರದೆ, ಇನ್ನೂ ಹೆಚ್ಚಿಸಿ, ಹೊಡೆಯುವವರನ್ನು ಸಂಬಳಕ್ಕಿಟ್ಟುಕೊಂಡು ತಾನೇ ಕಂತ್ರಾಟು ನಡೆಸುತ್ತಿದ್ದಳು. ಇಡೀ ಒಂದು ಹಂಗಾಮಿನ ಬಾಡಿಗೆ ಅವಳಿಗೆ ಬರಬೇಕಿತ್ತು. ಅದು ಬರದಿದ್ದರೆ ಗಾಡಿ ಹೊಡೆದವರಿಗೆ ಅವಳು ಸಂಬಳ ಕೊಡುವ ಹಾಗಿರಲಿಲ್ಲ. ಸಂಬಳ ಕೊಡದ ಒಡತಿಯ ಗಾಡಿಯ ನೊಗ ಮತ್ತೆ ಯಾರೂ ಮುಟ್ಟುವುದಿಲ್ಲ. ಅಲ್ಲಿಗೆ ಅವಳ ಕಂತ್ರಾಟು ಮುಗಿಯುತ್ತಿತ್ತು.

ಅವಳು ದುರ್ಗಿಗುಡಿಯ ಪಡಸಾಲೆಗೆ ಬಂದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಟ್ಟಿ ಆಳು, ಮಾತೂ ಗಟ್ಟಿ. ಬೆಂಚು ತೋರಿಸಿದರೂ ಕೂರಲಿಲ್ಲ.

“ಮದರಾಸಿನೋರು ಬಂದು ನಮ್ ಮರ ಹೊತ್ಕೊಂಡು ಹೋಗ್ತಾರಂತಲ್ಲ ಸ್ವಾಮಿ. ಅದನ್ನ ತಪ್ಪಿಸ್ಬೇಕು” ಎಂದಳು.

ಸೀನಿಯರ್, “ಹೊತ್ಕೊಂಡು ಹೋಗೋರು ಮದರಾಸಿನೋರಲ್ಲ ತಾಯಿ, ಪೇಟೆಯೋರು” ಎಂದರು. “ಇರಿ, ನಾಳೆ ಬಂದು ನೋಡ್ತೀನಿ.”

ಮಾರನೆಯ ದಿನ ನಾವಿಬ್ಬರೂ ಭದ್ರಾವತಿಗೆ ಹೋದೆವು. ಅವರು ದಿಮ್ಮಿಗಳ ನಡುವೆ ಓಡಾಡಿದರು, ಯಂತ್ರ ನೆಲಕ್ಕೆ ಹೂತಿದೆಯೋ ಬಿಡಿಯಾಗಿದೆಯೋ ಎಂದು ಬಗ್ಗಿ ನೋಡಿದರು, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಯಜಮಾನ ಎಷ್ಟು ಹೊತ್ತಿಗೆ ಏಳುತ್ತಿದ್ದ ಎಂದು ಕೇಳಿದರು. ನನಗೆ ಬೇಸರ. ಕಾನೂನಿನ ಪುಸ್ತಕದಲ್ಲಿ ಇಲ್ಲದ್ದು ಸಾಮಿಲ್ಲಿನಲ್ಲಿ ಎಲ್ಲಿಂದ ಬರಬೇಕು ಎಂದು ಒಳಗೇ ಗೊಣಗಿದೆ. ಬಿಸಿಲು ಬೇರೆ.

ಪುಸ್ತಕದಲ್ಲಿದ್ದದ್ದು ನಮಗೆ ಅನುಕೂಲವಾಗಿಯೂ ಇರಲಿಲ್ಲ. ಆಗ ನಮ್ಮ ಕೋರ್ಟುಗಳು ಇಂಗ್ಲೆಂಡಿನ ತೀರ್ಪುಗಳ ಜಾಡಿನಲ್ಲೇ ನಡೆಯುತ್ತಿದ್ದವು. ಪರದೇಶದ ಕೋರ್ಟಿಗೆ ಸಾಲಗಾರ ತಾನಾಗಿಯೇ ತಲೆಬಾಗಿದ್ದರೆ ಅವನ ಚರಾಸ್ತಿ ಎಲ್ಲೇ ಇದ್ದರೂ ಅಲ್ಲಿಯ ಅಧಿಕಾರಿಗೆ ಸೇರುತ್ತದೆ. ನೆಲ ಮಾತ್ರ ಸೇರುವುದಿಲ್ಲ, ಅದು ಇದ್ದ ಊರಿನ ಕೋರ್ಟಿನದು. ಆದರೆ ಆ ಆಜ್ಞೆಗೆ ಮೊದಲೇ ಇಲ್ಲಿ ಯಾರಾದರೂ ಜಪ್ತಿ ಮಾಡಿದ್ದರೆ, ಪರದೇಶದ ಅಧಿಕಾರಿ ಆ ಜಪ್ತಿಗೆ ತಗ್ಗಿಯೇ ನಡೆಯಬೇಕು. ಸಾಹುಕಾರರು ಮೊದಲೇ ಜಪ್ತಿ ಮಾಡಿಸಿದ್ದರಲ್ಲ, ಮದರಾಸು ಗೆದ್ದರೂ ಸಾಹುಕಾರರು ಸೋಲುತ್ತಿರಲಿಲ್ಲ. ಅವರು ಸುಮ್ಮನೆ ಕೂತಿದ್ದರೆ ಸಾಕಿತ್ತು.

ಸುಮ್ಮನೆ ಕೂರುವುದು ದುಡ್ಡಿರುವವರಿಗೆ ಆಗದ ಕೆಲಸ. ಮದರಾಸಿನ ಕೋರ್ಟು ನಮ್ಮ ಜಿಲ್ಲಾ ಕೋರ್ಟಿಗೆ ನೆರವು ಕೇಳಿ ವಿನಂತಿಪತ್ರ ಕಳಿಸಿತು. ಅದರ ಹಿಂದೆಯೇ ಅಸೈನಿಯ ಕಡೆಯ ವಕೀಲರೂ ಬಂದರು. ಸಾಹುಕಾರರಿಗೆ ದಿಗಿಲಾಯಿತು. ಒಂದು ಗೋಡೆ ಸಾಲದು, ಎರಡು ಇರಲಿ ಎಂದು ಒಂದು ಉದ್ದನೆಯ ಪ್ರಮಾಣಪತ್ರ ಹಾಕಿದರು: ಈ ಮದರಾಸಿನ ಆಜ್ಞೆಗೆ ಬೆಲೆಯೇ ಇಲ್ಲ. ಈತನ ವ್ಯಾಪಾರವೆಲ್ಲ ಭದ್ರಾವತಿಯಲ್ಲಿ. ವಾಸ ಭದ್ರಾವತಿಯಲ್ಲಿ. ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳಲೆಂದೇ ತನ್ನ ವ್ಯಾಪಾರದ ಜಾಗ ಬಿಟ್ಟು ಮದರಾಸಿಗೆ ಓಡಿಹೋಗಿದ್ದಾನೆ.

ಅದರ ನಕಲನ್ನು ನಾನು ಸೀನಿಯರ್‌ಗೆ ಓದಿ ಹೇಳುತ್ತಿದ್ದೆ. ಅವರು ಎದ್ದು ಹೋಗಿ ಎಲೆಯಡಿಕೆ ಉಗುಳಿ ಬಂದರು. ಬಾಯಿ ಖಾಲಿ ಮಾಡಿದರೆ ಏನೋ ಇದೆ ಎಂದು ನಾವು ತಿಳಿಯುತ್ತಿದ್ದೆವು.

“ಇನ್ನೊಂದ್ಸಲ ಓದು ಮಾರಾಯ” ಎಂದರು. ಓದಿದೆ. “ನಮ್ಮ ಸಂಸ್ಥಾನದಲ್ಲಿ ಒಬ್ಬನನ್ನ ದಿವಾಳಿ ಅಂತ ಸಾರಬೇಕಾದ್ರೆ ಸಾಲ ಕೊಟ್ಟವನು ಏನು ತೋರಿಸ್ಬೇಕು?”

“ಅವನು ಈ ಜಿಲ್ಲೆಯಲ್ಲಿ ವಾಸ ಇದ್ದ, ಇಲ್ಲಾಂದ್ರೆ ವ್ಯಾಪಾರ ಮಾಡ್ತಿದ್ದ ಅಂತ ತೋರಿಸ್ಬೇಕು. ಆಮೇಲೆ ದಿವಾಳಿತನದ ಒಂದು ಕೃತ್ಯ ತೋರಿಸ್ಬೇಕು.”

“ಯಾವ ಕೃತ್ಯ?”

“ಸಾಲ ಕೊಟ್ಟವರಿಗೆ ಸಿಗದ ಹಾಗೆ ತನ್ನ ವ್ಯಾಪಾರದ ಜಾಗ ಬಿಟ್ಟು...” ಎನ್ನುತ್ತಿದ್ದವನು ಅಲ್ಲೇ ನಿಂತುಬಿಟ್ಟೆ. ಎರಡನ್ನೂ ಸಾಹುಕಾರರೇ ಪ್ರಮಾಣ ಮಾಡಿ ಬರೆದುಕೊಟ್ಟಿದ್ದರು!

ಪರದೇಶದ ದಿವಾಳಿಗಿಂತ ಅವರ ಜಪ್ತಿ ಮುಂದು. ಆದರೆ ನಮ್ಮದೇ ಕೋರ್ಟಿನಲ್ಲಿ ದಿವಾಳಿ ಅರ್ಜಿ ದಾಖಲಾದರೆ, ಅಷ್ಟರೊಳಗೆ ಹರಾಜಾಗಿ ಹಣ ಬಂದಿರದಿದ್ದರೆ, ಜಪ್ತಿ ಮಾಡಿಸಿದವನಿಗೆ ಯಾವ ಮೊದಲ ಹಕ್ಕೂ ಇಲ್ಲ. ಸಾಲ ಕೊಟ್ಟ ಎಲ್ಲ ಸಾಲಿಗರ ಜೊತೆ ಅವನೂ ಒಬ್ಬ. ಮದರಾಸನ್ನು ಬೀಳಿಸಲು ಹೋಗಿ ಸಾಹುಕಾರರು ಭದ್ರಾವತಿಯನ್ನು ಎತ್ತಿ ನಿಲ್ಲಿಸಿದ್ದರು, ತಾವು ತೋಡಿದ ಗುಂಡಿಗೆ ತಾವೇ ಬಿದ್ದಿದ್ದರು. ನಾನು ಕುಣಿದಾಡುವುದೊಂದು ಬಾಕಿ. ಸೀನಿಯರ್ ಮಾತ್ರ ಮತ್ತೊಂದು ಎಲೆಗೆ ಸುಣ್ಣ ಸವರುತ್ತ, “ಸಾಲದ ಮೊತ್ತ ಕಾನೂನು ಕೇಳೋವಷ್ಟು ಆಗ್ಬೇಕಲ್ಲ. ಗಾಡಿಯೋರನ್ನೆಲ್ಲ ಸೇರಿಸಪ್ಪ” ಎಂದರು. ಅಂಥ ತಲೆಯನ್ನು ನಾನು ಆಮೇಲೆ ಬೆಂಗಳೂರಿನ ಹೈಕೋರ್ಟಿನಲ್ಲೂ ಕಾಣಲಿಲ್ಲ.

ಸೇರಿಸಿ ನೋಡಿದರೆ, ಉಳಿದವರದೆಲ್ಲ ಚಿಲ್ಲರೆ ಬಾಕಿ. ಮಲವಗೊಪ್ಪದ ಆ ಹೆಂಗಸು ಅರ್ಜಿಗೆ ಹೆಬ್ಬೆಟ್ಟು ಒತ್ತಿದರೆ ಮೊತ್ತ ಕೂಡುತ್ತದೆ, ಒತ್ತದಿದ್ದರೆ ಇಲ್ಲ. ಈ ಲೆಕ್ಕ ಸಾಹುಕಾರರಿಗೂ ತಿಳಿಯಿತು. ಶಿವಮೊಗ್ಗದಲ್ಲಿ ವಕೀಲರ ಮನೆಯ ಮಾತು ಪೇಟೆ ಮುಟ್ಟಲು ಎಷ್ಟು ಹೊತ್ತು? ಅವರು ತಮ್ಮ ಗುಮಾಸ್ತನನ್ನು ಮಲವಗೊಪ್ಪಕ್ಕೆ ಅಟ್ಟಿದರು.

ಮಾರನೆಯ ಬೆಳಿಗ್ಗೆ ಅವಳೇ ಬಂದು ಹೇಳಿದಳು: “ಸಾಹುಕಾರ್ರು ಹೇಳಿ ಕಳ್ಸಿದಾರೆ ಸ್ವಾಮಿ. ನಾನು ಹೆಬ್ಬೆಟ್ಟು ಒತ್ತದೆ ಸುಮ್ನಿದ್ರೆ, ಹರಾಜಾದ್ ದಿನವೇ ನನ್ ಬಾಕಿ ಪೂರಾ ಕೊಡ್ತಾರಂತೆ. ಒತ್ತಿದ್ರೆ ನಂಗೆ ಎಷ್ಟು ಬರ್ತದೆ?”

ಬೇರೆ ವಕೀಲರಾಗಿದ್ದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನಾದರೂ ಹೇಳುತ್ತಿದ್ದರು. ಸೀನಿಯರ್ ಹೇಳಿದರು: “ಪೂರಾ ಬರಲ್ಲ ತಾಯಿ. ಅರ್ಧಕ್ಕಿಂತ ಒಂಚೂರು ಹೆಚ್ಚು ಬಂದ್ರೆ ಪುಣ್ಯ. ಅದೂ ತಡವಾಗಿ. ಸಾಹುಕಾರರ ಮಾತು ಒಪ್ಪಿಕೊಂಡ್ರೆ ಕಾನೂನಿನಲ್ಲಿ ತಪ್ಪೇನಿಲ್ಲ. ನಿಮಗೆ ಅದೇ ಲಾಭ.”

“ಉಳಿದ ಗಾಡಿಯೋರಿಗೆ?”

“ಏನೂ ಬರಲ್ಲ.”

ನಮ್ಮ ಚಂದದ ಅರ್ಜಿ ಅವಳ ಹೆಬ್ಬೆಟ್ಟಿನ ಮೇಲೆ ನಿಂತಿತ್ತು, ಅವಳನ್ನು ಒಪ್ಪಿಸುವ ಒಂದು ಮಾತೂ ಸೀನಿಯರ್ ಆಡಲಿಲ್ಲವಲ್ಲ ಎಂದು ಅವರ ಮೇಲೆ ಸಿಟ್ಟೂ ಬಂದಿತ್ತು.

“ಕಾಡ್ನಲ್ಲಿ ಗಾಡಿ ಹೂತುಕೊಂಡಾಗ ಎಲ್ರ ಎತ್ತೂ ಕಟ್ಟಿ ಎಳೀತೀವಿ. ಈಗ ನನ್ ಗಾಡಿ ಒಂದೇ ದಡ ಹತ್ಸು ಅಂದ್ರೆ ಹೆಂಗೆ? ಎಲ್ಲಿ ಒತ್ಬೇಕು ತೋರ್ಸಿ” ಎಂದಳು.

ಅರ್ಜಿ ಜಿಲ್ಲಾ ಕೋರ್ಟಿನಲ್ಲಿ ದಾಖಲಾಯಿತು. ಜಡ್ಜಿಯವರು ಸಾಹುಕಾರರ ಪ್ರಮಾಣಪತ್ರವನ್ನೇ ಮೊದಲ ಸಾಕ್ಷ್ಯ ಎಂದು ನೋಡಿ, ಆಸ್ತಿ ನೋಡಿಕೊಳ್ಳಲು ಅಂದೇ ಒಬ್ಬ ಹಂಗಾಮಿ ರಿಸೀವರನ್ನು ನೇಮಿಸಿದರು. ಡಿಕ್ರಿ ಕೊಟ್ಟ ಮುನ್ಸೀಫ್ ಕೋರ್ಟಿಗೆ ನಾವು ತಿಳಿವಳಿಕೆ ಕೊಟ್ಟೆವು. ಹರಾಜು ನಿಲ್ಲಿಸಿ ಜಪ್ತಿ ಮಾಲನ್ನು ರಿಸೀವರರ ಸ್ವಾಧೀನಕ್ಕೆ ಕೊಡತಕ್ಕದ್ದು ಎಂದು ಅಲ್ಲಿಯೂ ಹುಕುಂ ಆಯಿತು. ಅದನ್ನು ಭದ್ರಾವತಿಗೆ ಒಯ್ದವನು ನಾನು. ಕೋರ್ಟಿನ ಅಮೀನರು ಸಾಹುಕಾರರು ಹೇಳಿಸಿದ ಊಟ ಮುಗಿಸಿ, ಹರಾಜಿಗೆ ಡೋಲು ಹೊಡೆಯುವವನು ಬರಲೆಂದು ದಿಮ್ಮಿಯ ನೆರಳಲ್ಲಿ ಕಾಲು ಚಾಚಿ ಕೂತಿದ್ದರು. ಹುಕುಂ ಓದಿ ತೇಗಿದರು. “ಸರಿ ಬಿಡಿ, ಊಟವಂತೂ ಆಯ್ತು” ಎಂದರು. ಹರಾಜು ಕೂಗಲು ಬಂದಿದ್ದ ಪೇಟೆಯ ಜನ ನನ್ನನ್ನು ತಿಂದುಬಿಡುವ ಹಾಗೆ ನೋಡಿದರು. ಗಾಡಿಯವರು ಮಾತ್ರ ದೂರದಲ್ಲಿ ಎತ್ತು ಬಿಚ್ಚಿ ನಿಂತಿದ್ದವರು, ಏನಾಯಿತೆಂದು ತಿಳಿದ ಮೇಲೂ ಕೂಗಾಡಲಿಲ್ಲ, ಬೀಡಿ ಹಚ್ಚಿಕೊಂಡರು.

ಇನ್ನು ಉಳಿದದ್ದು ಪೂರ್ತಿ ವಿಚಾರಣೆ. ಈಗ ಎದುರಿಗೆ ನಿಂತವರು ಮದರಾಸಿನ ವಕೀಲರು. ಎತ್ತರದ ಮನುಷ್ಯ, ಹಣೆಯಲ್ಲಿ ನಾಮ, ಬೆಣ್ಣೆಯಂಥ ಇಂಗ್ಲಿಷು. ಅವರ ವಾದ: ಸಾಲಗಾರನ ಮನೆ ಮದರಾಸು, ಬ್ಯಾಂಕು ಮದರಾಸು, ಸರಕು ಮಾರುವ ಕರಾರುಗಳೆಲ್ಲ ಅಲ್ಲಿ. ಭದ್ರಾವತಿಯದು ಮರ ಕೊಯ್ಯುವ ಕವಲು ಮಾತ್ರ. ಒಂದೇ ದಿವಾಳಿ ಎರಡು ಕಡೆ ನಡೆದರೆ ಖರ್ಚೇ ಎಲ್ಲವನ್ನೂ ನುಂಗುತ್ತದೆ. ಆದ್ದರಿಂದ ಎಲ್ಲವೂ ಮದರಾಸಿನಲ್ಲೇ ನಡೆಯಲಿ. ಭದ್ರಾವತಿಯವರೂ ಅಲ್ಲಿಗೇ ಬಂದು ತಮ್ಮ ಬಾಕಿ ರುಜುವಾತು ಮಾಡಲಿ.

ಸುಳ್ಳು ವಾದವಲ್ಲ. ನ್ಯಾಯವಾದ ಮನುಷ್ಯ ನ್ಯಾಯವಾಗಿಯೇ ಹೇಳಿದ್ದು. ಆದರೆ ಗಾಡಿ ಹೊಡೆಯುವವನು ಮದರಾಸಿಗೆ ಹೋಗಿ ವಕೀಲರನ್ನು ಹಿಡಿಯುವುದೆಂದರೆ, ಬರಬೇಕಾದ ಬಾಕಿಗಿಂತ ರೈಲಿನ ಟಿಕೇಟೇ ಜಾಸ್ತಿ. ಸೀನಿಯರ್ ಮಲವಗೊಪ್ಪದ ಹೆಂಗಸನ್ನು ಸಾಕ್ಷಿಕಟ್ಟೆಗೆ ಕರೆದರು. ಮದರಾಸಿನವರು ದುಭಾಷಿಯ ಮೂಲಕ ಪಾಟೀಸವಾಲು ಮಾಡಿದರು. ಸಾಲಗಾರನ ಮುಖ್ಯ ಅಂಗಡಿ ಮದರಾಸಿನಲ್ಲಿತ್ತು ಎಂಬುದು ನಿಮಗೆ ಗೊತ್ತಿಲ್ಲವೆ ಎಂದು ಕೇಳಿದರು.

“ಆಯುಧಪೂಜೆ ದಿನ ಯಜಮಾನ ಎಲ್ಲಿ ಕುಂಬ್ಳಕಾಯಿ ಒಡೀತಾನೋ ಅದೇ ಅಲ್ವಾ ಸ್ವಾಮಿ ಅವನ ಅಂಗಡಿ?” ಎಂದಳು.

ದುಭಾಷಿ ತಡವರಿಸಿದ. ಜಡ್ಜಿಯವರು ಪೆನ್ನು ಕೆಳಗಿಟ್ಟು, “ಅದೇನು ಬಿಡಿಸಿ ಹೇಳಿ” ಎಂದು ತಾವೇ ಕೇಳಿದರು.

ಅವಳು ಹೇಳಿದಳು. ವರ್ಷವೂ ಆಯುಧಪೂಜೆಗೆ ಗಾಡಿಯವರೆಲ್ಲ ಎತ್ತು ತೊಳೆದು ಸಾಮಿಲ್ಲಿಗೆ ಹೋಗುವುದು ವಾಡಿಕೆ. ಯಜಮಾನ ಗರಗಸಕ್ಕೆ, ತಕ್ಕಡಿಗೆ, ಪೆಟ್ಟಿಗೆಗೆ ಪೂಜೆ ಮಾಡಿ, ಪ್ರತಿಯೊಂದು ನೊಗಕ್ಕೂ ತಾನೇ ಕುಂಕುಮ ಇಟ್ಟು, ಹೊಡೆಯುವವರಿಗೆ ಪಂಚೆ ಕೊಡುತ್ತಿದ್ದ. “ಒಂದ್ವರ್ಷ ಅವನ ಮಗೂಗೆ ನಾಮಕರಣ, ಅಲ್ಲೇ ಮದರಾಸ್ನಲ್ಲಿ. ಅದನ್ನ ಮುಗಿಸ್ಕೊಂಡು ಪೂಜೆ ಹೊತ್ಗೆ ರೈಲಿಳಿದು ಓಡ್ಬಂದ. ಮನೆ ಎಲ್ಲಿದ್ರೇನು ಸ್ವಾಮಿ, ಅವನ ಬದುಕು ಇಲ್ಲಿತ್ತು.”

“ಬಾಕಿ ಕೇಳಲು ಎಲ್ಲಿಗೆ ಹೋಗುತ್ತಿದ್ದಿರಿ?” ಎಂದು ಜಡ್ಜಿಯವರು ಕೇಳಿದರು.

“ಸಾಮಿಲ್ಲಿಗೇ. ಎಲ್ರೂ ಅಲ್ಲಿಗೇ. ಅಂಗಡಿ ಬೀದಿಯೋರೂ, ಕಾಡಿನ ಇಲಾಖೆಯೋರೂ.”

ಮದರಾಸಿನ ವಕೀಲರು ಮುಂದೆ ಏನೂ ಕೇಳಲಿಲ್ಲ. ಅವರಿಗೂ ಮನೆಯಲ್ಲಿ ಸರಸ್ವತಿ ಪೂಜೆ, ಆಯುಧಪೂಜೆ ಇದ್ದವಲ್ಲ. ಪುಸ್ತಕ, ತಕ್ಕಡಿ ಇಡುವ ಜಾಗ ಯಾವುದೆಂದು ಅವರಿಗೆ ಯಾರೂ ತರ್ಜುಮೆ ಮಾಡಿ ಹೇಳಬೇಕಿರಲಿಲ್ಲ. ಕೈಮುಗಿದು ಕೂತರು. ನನಗೆ ಆ ಮನುಷ್ಯನ ಮೇಲೆ ಅಂದಿನಿಂದ ಗೌರವ. ಹಟಕ್ಕೆ ಬಿದ್ದು ಇನ್ನೂ ಒಂದು ಗಂಟೆ ಎಳೆಯಬಹುದಿತ್ತು.

ಆ ತರುಣ ಉಪನ್ಯಾಸಕರು ಹೇಳಿದ್ದೂ ಇದನ್ನೇ. ಮುಖ್ಯ ಠಾವು ಎಂದರೆ ಸಾಲಗಾರ ತಾನು ಹೇಳಿಕೊಳ್ಳುವ ಊರಲ್ಲ; ಅವನೊಡನೆ ವ್ಯವಹಾರ ಮಾಡುವ ಹೊರಗಿನವರು ನೋಡಿ ತಿಳಿಯಬಹುದಾದ ಊರು. ಒಬ್ಬ ಮನುಷ್ಯನಾದರೆ ಅವನು ವಾಡಿಕೆಯಾಗಿ ವಾಸಿಸುವ ಕಡೆ ಎಂದು ಮೊದಲು ಊಹಿಸಬೇಕು, ಬೇರೆ ಎಂದು ಸಾಕ್ಷ್ಯ ಬಂದರೆ ಊಹೆ ಬಿಡಬೇಕು. ಅವರು ಇದಕ್ಕೆ ಯಾವ್ಯಾವುದೋ ದೇಶದ ತೀರ್ಪುಗಳನ್ನು ಓದಿದರು. ಓದಲಿ, ಒಳ್ಳೆಯದೇ.

ಜಡ್ಜಿಯವರ ತೀರ್ಪು ನೆಟ್ಟಗಿತ್ತು. ಮದರಾಸಿನ ಆಜ್ಞೆ ಸುಳ್ಳಲ್ಲ, ಸಾಲಗಾರ ತಾನಾಗಿ ಹೋಗಿ ಕೇಳಿಕೊಂಡದ್ದು. ಅಲ್ಲಿರುವುದನ್ನು ಅಲ್ಲಿಯವರು ಹಂಚಲಿ. ಆದರೆ ವ್ಯಾಪಾರದ ಗದ್ದುಗೆ ಇದ್ದದ್ದು ಭದ್ರಾವತಿಯಲ್ಲಿ, ಆದ್ದರಿಂದ ನಮ್ಮ ಕೋರ್ಟೂ ಅವನನ್ನು ದಿವಾಳಿ ಎಂದು ಸಾರುತ್ತದೆ. ಇಲ್ಲಿಯ ದಿಮ್ಮಿ, ಯಂತ್ರ, ನೆಲ ಎಲ್ಲ ಇಲ್ಲಿಯ ರಿಸೀವರರ ವಶ. ಸಾಹುಕಾರರ ಜಪ್ತಿಗೆ ಇನ್ನು ಬಲವಿಲ್ಲ.

ಗಾಡಿಯವರು ಕೋರ್ಟಿನ ಹೊರಗೆ ಹಬ್ಬ ಮಾಡಿದರು. ಆ ಹಬ್ಬಕ್ಕೆ ನೀರೆರಚಿದವರು ನಮ್ಮ ಸೀನಿಯರೇ. ಅವರು ಮದರಾಸಿನ ವಕೀಲರನ್ನು ದುರ್ಗಿಗುಡಿಯ ಮನೆಗೆ ಊಟಕ್ಕೆ ಕರೆದು, ಊಟವಾದ ಮೇಲೆ ಇಬ್ಬರೂ ಕೂತು ಒಂದು ಒಪ್ಪಂದ ಬರೆದು ಜಡ್ಜಿಯವರ ಮುಂದಿಟ್ಟರು. ಮದರಾಸಿನ ಸಾಲಿಗರೂ ಇಲ್ಲಿ ಬಂದು ಪಾಲು ಕೇಳಬಹುದು, ಇಲ್ಲಿಯವರು ಅಲ್ಲಿ ಕೇಳಬಹುದು. ಎರಡೂ ಕಡೆಯ ಲೆಕ್ಕ ಒಬ್ಬರಿಗೊಬ್ಬರು ಕಳಿಸಬೇಕು.

ಗಾಡಿಯವರು ಸಿಡಿದೆದ್ದರು. ಒಬ್ಬ ಮುದುಕನಂತೂ, “ನಮ್ ಕಾಡಿನ ಮರ, ನಾವು ಹೊತ್ತು ತಂದಿದ್ದು. ಅದ್ರಲ್ಲಿ ಮದರಾಸಿನೋನಿಗೆ ಯಾಕೆ ಸ್ವಾಮಿ ಪಾಲು? ನೀವು ಯಾರ ಕಡೆ?” ಎಂದು ಮುಖಕ್ಕೇ ಕೇಳಿದ.

“ಊಟಕ್ಕೆ ಕೂತಾಗ ಪಂಕ್ತಿಭೇದ ಮಾಡಿದ್ರೆ ನಿಮಗೆ ಸರಿ ಬರ್ತದಾ?” ಎಂದು ಸೀನಿಯರ್ ಕೇಳಿದರು. “ಪೇಟೆ ಸಾಹುಕಾರರು ಒಬ್ಬರೇ ಉಣ್ತೀನಿ ಅಂದಾಗ ತಪ್ಪು ಅಂತ ನೀವೇ ಅಂದ್ರಿ. ಅದನ್ನೇ ಈಗ ನೀವು ಮಾಡ್ಬೇಕಾ? ಆದ್ರೆ ಒಂದು ಮಾತು. ಮದರಾಸಿನ ಪಂಕ್ತೀಲಿ ಉಂಡೋನು ಇಲ್ಲಿ ಬಂದು ಕೂತ್ರೆ, ಅಲ್ಲಿ ಉಂಡಷ್ಟು ನೀವೂ ಉಣ್ಣೋವರೆಗೆ ಅವನ ಎಲೆಗೆ ಬಡಿಸಲ್ಲ. ಹಾಗಂತ ಬರೆಸಿದೀನಿ.”

ಇದು ಇಂದಿಗೂ ಇರುವ ನಿಯಮ. ಎಷ್ಟೋ ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಓದಿದ್ದೇನೆ, ಇಷ್ಟು ಸಲೀಸಾಗಿ ಹೇಳಿದವರನ್ನು ಕಂಡಿಲ್ಲ. ಮುದುಕ ಗೊಣಗುತ್ತ ಕೂತ. ಮಲವಗೊಪ್ಪದವಳು, “ಕೂತ್ಕೋ ಮಾವ, ಅವ್ರು ಹೇಳೋದು ಸರಿಯಾಗೈತೆ” ಎಂದು ಅವನ ತೋಳು ಹಿಡಿದು ಕೂರಿಸಿದ್ದಳು.

ದಿಮ್ಮಿಗಳನ್ನು ರಿಸೀವರರು ಆತುರವಿಲ್ಲದೆ ಮಾರಿದ್ದರಿಂದ ಒಳ್ಳೆಯ ಬೆಲೆಯೇ ಬಂತು. ಸಾಮಿಲ್ಲಿನ ಕೂಲಿಗಳ ಸಂಬಳ ಕಾನೂನಿನ ಮಿತಿಯೊಳಗೆ ಮೊದಲು ಪಾವತಿಯಾಯಿತು. ಗಾಡಿ ಹೊಡೆದವರು ಸಾಮಿಲ್ಲಿನ ಆಳುಗಳಲ್ಲ, ಆ ಹೆಂಗಸಿನ ಆಳುಗಳು. ಆದ್ದರಿಂದ ಆ ಅನುಕೂಲ ಅವರಿಗಿರಲಿಲ್ಲ. ಉಳಿದ ಸಾಲಿಗರಿಗೆಲ್ಲ ಹದಿನಾರಾಣೆಯ ರೂಪಾಯಿಗೆ ಹತ್ತಾಣೆಯಂತೆ ಬಂತು. ಹಂಚುವ ದಿನ ಸಾಹುಕಾರರೂ ರಿಸೀವರರ ಆಫೀಸಿನ ಮುಂದೆ ಗಾಡಿಯವರ ಸಾಲಿನಲ್ಲೇ ಕೂತಿದ್ದರು. ಮುಖ ಗಡಿಗೆಯಷ್ಟಾಗಿತ್ತು, ಆದರೆ ಸಹಿ ಮಾಡಿ ತೆಗೆದುಕೊಂಡರು.

ಕೆಲವು ದಿನ ಕಳೆದ ಮೇಲೆ ಮಲವಗೊಪ್ಪದಿಂದ ಸುದ್ದಿ ಬಂತು. ಅವಳು ತನ್ನ ಒಂದು ಜೋಡಿ ಎತ್ತು ಮಾರಿದಳಂತೆ. ಅದೂ ಗಂಡನ ಕಾಲದ ಜೋಡಿ, ಗಾಡಿಯ ಸಾಲಿಗೆ ಯಾವಾಗಲೂ ಮುಂದಿರುತ್ತಿದ್ದವು. ಸೀನಿಯರ್ ಅವಳನ್ನು ಹೇಳಿ ಕಳಿಸಿ ಕರೆಸಿದರು. ಅವರಿಗೆ ಸಂಕಟವಾಗಿತ್ತು, ತಾವು ಹೆಬ್ಬೆಟ್ಟು ಒತ್ತಿಸಿಕೊಳ್ಳದಿದ್ದರೆ ಅವಳಿಗೆ ಪೂರಾ ಬಾಕಿ ಬರುತ್ತಿತ್ತು ಎಂಬುದು ಅವರ ಮನಸ್ಸಿನಲ್ಲಿ ಕೊರೆಯುತ್ತಿತ್ತು ಎಂದು ನನಗೆ ಗೊತ್ತು.

“ಎತ್ತು ಯಾಕಮ್ಮ ಮಾರಿದ್ರಿ?” ಎಂದು ಕೇಳಿದರು.

“ಗಾಡಿ ಹೊಡೆಯೋರ ಸಂಬಳ ಚುಕ್ತಾ ಮಾಡ್ಬೇಕಿತ್ತಲ್ಲ ಸ್ವಾಮಿ. ಕೋರ್ಟಿಂದ ಬಂದಿದ್ದು ಸಾಲಲಿಲ್ಲ.”

“ನಿಮಗೆ ಬಂದಿದ್ದೇ ಹತ್ತಾಣೆ. ಅವರಿಗೂ ಹತ್ತಾಣೆಯಂತೆ ಕೊಟ್ಟಿದ್ರೆ ಯಾರೂ ಏನೂ ಅಂತಿರಲಿಲ್ಲ. ಅವರೂ ಒಪ್ತಿದ್ರು.”

ಅವಳು ಅವರನ್ನು ಅಚ್ಚರಿಯಿಂದ ನೋಡಿದಳು. ಇಷ್ಟು ತಿಳಿದವರು ಇಂಥ ಮಾತು ಕೇಳುತ್ತಾರಲ್ಲ ಎನ್ನುವ ಹಾಗೆ.

“ಪಾಪರ್ ಆಗಿದ್ದು ಅವನು ಸ್ವಾಮಿ,” ಎಂದಳು, “ನಾನಲ್ಲ.”

ನಮ್ಮ ಸೀನಿಯರ್ ಕುರ್ಚಿಯಿಂದ ಎದ್ದು ನಿಂತರು. ಜಡ್ಜಿ ಬಂದಾಗ ಮಾತ್ರ ಹಾಗೆ ಎದ್ದು ನಿಲ್ಲುತ್ತಿದ್ದವರು ಅವರು. ಅವಳು ಅಂಗಳ ದಾಟಿ, ಉಳಿದ ಎತ್ತಿನ ಜೋಡಿಯೊಂದು ಕಟ್ಟಿದ್ದ ಗಾಡಿ ಹತ್ತಿ ಹೊರಡುವವರೆಗೂ ಕೂರಲಿಲ್ಲ.